ಸಂಪಿನಲ್ಲಿ ನೀರಿದ್ದರೂ ಪಂಪು ಶುರುವಾಗದಿದ್ದರೆ: ಟಾಕಿ ಕಂಟ್ರೋಲರ್‌ನ ದೋಷ ಹುಡುಕುವ ಕ್ರಮ

ಸಂಪು ತುಂಬಿದೆ, ಮೇಲಿನ ಟಾಕಿ ಬರಿದಾಗಿದೆ, ಪಂಪನ್ನು ತಾನಾಗಿ ಶುರುಮಾಡಿ ನಿಲ್ಲಿಸುವ ಕಂಟ್ರೋಲರ್ ಆಟೋದಲ್ಲಿದೆ, ಆದರೂ ಪಂಪು ಹೊರಳಿ ನೋಡುವುದಿಲ್ಲ. ಹೀಗಾದಾಗ ಹೆಚ್ಚಿನವರು ಏಣಿ ಹತ್ತಿ ಮೇಲಿನ ಟಾಕಿಯ ಪ್ರೋಬ್ ಉಜ್ಜುತ್ತಾರೆ. ಇಳಿದು ಬಂದ ಮೇಲೂ ಪಂಪು ಸುಮ್ಮನಿದ್ದರೆ ಕಂಟ್ರೋಲರ್ ಸುಟ್ಟಿದೆ ಎಂದುಕೊಂಡು ಹೊಸದನ್ನು ತಂದು ಹಾಕುತ್ತಾರೆ. ಬಹಳ ಸಲ ಹೊಸದೂ ಪಂಪನ್ನು ಎಬ್ಬಿಸುವುದಿಲ್ಲ, ಯಾಕೆಂದರೆ ದೋಷ ಇರುವುದು ಸಂಪಿನ ಮುಚ್ಚಳದ ಕೆಳಗೆ.

ಇದು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಮನೆಗಳಲ್ಲಿ ಸಾಮಾನ್ಯವಾಗಿರುವ ಜೋಡಣೆಗೆ, ಅಂದರೆ ಸಂಪಿನಲ್ಲೊಂದು ಮತ್ತು ಮಾಳಿಗೆಯ ಟಾಕಿಯಲ್ಲೊಂದು ಪ್ರೋಬ್ ಸೆಟ್ ಇರುವ ಕಂಟ್ರೋಲರ್‌ಗೆ ಬರೆದದ್ದು. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ಸರಿಯಿರುವುದನ್ನು ಬಿಚ್ಚಿ, ಕೆಟ್ಟದ್ದನ್ನು ಹಾಗೇ ಬಿಟ್ಟು ಬರುತ್ತೀರಿ.

## ಮೊದಲು ತಿಳಿಯಬೇಕಾದ ಒಂದು ಸಂಗತಿ

ಪ್ರೋಬ್ ಎಂದರೆ ನೀರಲ್ಲಿ ಇಳಿಬಿಟ್ಟ ಲೋಹದ ಕಡ್ಡಿ. ಎಲ್ಲಕ್ಕಿಂತ ಕೆಳಗೆ ಕಾಮನ್, ಅದರ ಮೇಲೆ ಲೋ, ತುದಿಯಲ್ಲಿ ಹೈ. ಎರಡು ಕಡ್ಡಿಗಳ ನಡುವೆ ನೀರಿದ್ದರೆ ಸಣ್ಣ ಕರೆಂಟು ಹರಿಯುತ್ತದೆ. ಹರಿದರೆ ‘ನೀರಿದೆ’, ಹರಿಯದಿದ್ದರೆ ‘ನೀರಿಲ್ಲ’, ಇಷ್ಟೇ ಕಂಟ್ರೋಲರ್‌ಗೆ ಗೊತ್ತಾಗುವುದು. ನೀರು ಮುಗಿದಿದೆಯೋ, ವಾಯರ್ ಕಡಿದಿದೆಯೋ ಎಂಬ ಭೇದ ಅದಕ್ಕೆ ತಿಳಿಯದು.

ಈಗ ಇದನ್ನು ಎರಡೂ ಕಡೆಗೆ ಅನ್ವಯಿಸಿ ನೋಡಿ. ಮೇಲಿನ ಟಾಕಿಯ ವಾಯರ್ ಕಡಿದರೆ ಕಂಟ್ರೋಲರ್ ‘ಟಾಕಿ ಖಾಲಿ’ ಎಂದುಕೊಂಡು ಪಂಪು ಓಡಿಸುತ್ತದೆ. ಟಾಕಿ ತುಂಬಿ ಸುರಿದರೂ ನಿಲ್ಲಿಸುವುದಿಲ್ಲ. ಸಂಪಿನ ವಾಯರ್ ಕಡಿದರೆ ‘ಸಂಪು ಖಾಲಿ’ ಎಂದುಕೊಂಡು, ಪಂಪು ನೀರಿಲ್ಲದೆ ಓಡಿ ಸುಡಬಾರದೆಂದು, ಶುರುವೇ ಮಾಡುವುದಿಲ್ಲ. ಹಾಗಾಗಿ ಪಂಪು ಶುರುವಾಗದಿದ್ದಾಗ ಹುಡುಕಬೇಕಾದದ್ದು ಎರಡನ್ನೇ: ಸಂಪಿನ ಕಡೆ ಸಂಪರ್ಕ ಕಡಿದಿದೆಯೇ, ಅಥವಾ ಮೇಲಿನ ಟಾಕಿಯ ಕಡೆ ಸಂಪರ್ಕ ಇರಬಾರದಲ್ಲಿ ಕೂಡಿದೆಯೇ. ಮೇಲಿನ ಪ್ರೋಬಿಗೆ ಬರೀ ತುಕ್ಕು ಹಿಡಿದಿದ್ದರೆ ಅದು ಪಂಪು ನಿಲ್ಲದಿರಲು ಕಾರಣವಾದೀತೇ ಹೊರತು ಶುರುವಾಗದಿರಲು ಅಲ್ಲ.

## ಬೇಕಾಗುವ ಸಾಮಾನು

ಮಲ್ಟಿಮೀಟರ್, ಟೆಸ್ಟರ್, ಸಣ್ಣ ಸ್ಕ್ರೂಡ್ರೈವರ್, ಎರಡೂ ತುದಿ ಸುಲಿದ ಅರ್ಧ ಅಡಿಯ ಎರಡು ವಾಯರ್ ತುಂಡು, 220 ನಂಬರಿನ ವಾಟರ್ ಪೇಪರ್ ಎಂಬ ಉಜ್ಜುಕಾಗದ, ಅಡುಗೆಯ ವಿನೆಗರ್ ಅಥವಾ ಎರಡು ಲಿಂಬೆಹಣ್ಣು, ಒಂದು ಪ್ಲಾಸ್ಟಿಕ್ ಮಗ್. ಜೋಡಣೆ ಹೊಸದಾಗಿ ಮಾಡಬೇಕಾದರೆ ಸೋಲ್ಡರ್ ಮತ್ತು ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ. ಮಲ್ಟಿಮೀಟರ್ ಇಲ್ಲದೆ ಮೂರನೆಯ ಹಂತದವರೆಗೆ ಹೋಗಬಹುದು. ಅಲ್ಲಿಂದ ಮುಂದೆ ಅದಿಲ್ಲದೆ ಮಾಡಿದ್ದೆಲ್ಲ ಊಹೆ.

ಎಚ್ಚರಿಕೆ: ಪೆಟ್ಟಿಗೆ ತೆರೆಯುವ ಮುಂಚೆ ಎಮ್‌ಸಿಬಿ ಇಳಿಸಿ, ಟೆಸ್ಟರ್ ಹಚ್ಚಿ ನೋಡಿ. ಪ್ರೋಬ್ ವಾಯರಿನಲ್ಲಿ ಸಾಮಾನ್ಯವಾಗಿ 5ರಿಂದ 12 ವೋಲ್ಟ್ ಮಾತ್ರ ಇರುತ್ತದೆ ನಿಜ, ಆದರೆ ಟ್ರಾನ್ಸ್‌ಫಾರ್ಮರ್ ಇಲ್ಲದ ಅಗ್ಗದ ಕೆಲವು ಸರ್ಕ್ಯೂಟ್‌ಗಳಲ್ಲಿ ಪ್ರೋಬ್ ನೇರವಾಗಿ ಮನೆಯ ಲೈನಿಗೆ ಕೂಡಿರುತ್ತದೆ. ಎಮ್‌ಸಿಬಿ ಏರಿಸಿದಾಗ ಪ್ರೋಬ್ ವಾಯರಿಗೆ ಹಚ್ಚಿದ ಟೆಸ್ಟರ್ ಹೊತ್ತಿಕೊಂಡರೆ ಆ ಕಂಟ್ರೋಲರ್ ಅನ್ನು ರಿಪೇರಿ ಮಾಡಬೇಡಿ, ತೆಗೆದುಹಾಕಿ. ಇನ್ನೊಂದು ಮಾತು: ಪ್ರೋಬ್ ತೆಗೆಯಲು ಸಂಪಿನೊಳಗೆ ಇಳಿಯಬೇಡಿ. ಮುಚ್ಚಿಟ್ಟ ಸಂಪಿನ ಗಾಳಿ ಉಸಿರುಗಟ್ಟಿಸಬಹುದು. ವಾಯರ್ ಹಿಡಿದು ಮೇಲಿಂದಲೇ ಎತ್ತಿ.

## ಹಂತ 1: ಪಂಪು ಜೀವಂತವಿದೆಯೇ

ಸ್ವಿಚ್ಚನ್ನು ಮ್ಯಾನ್ಯುಯಲ್‌ಗೆ ಹಾಕಿ. ಪಂಪು ಓಡಿದರೆ ಮೋಟರ್, ಕೆಪಾಸಿಟರ್, ಓವರ್‌ಲೋಡ್ ಎಲ್ಲ ಸರಿಯಿವೆ, ಎರಡನೆಯ ಹಂತಕ್ಕೆ ಹೋಗಿ. ಓಡದೆ ಬರೀ ಗುಂಯ್‌ಗುಟ್ಟಿದರೆ ಕೂಡಲೇ ಆಫ್ ಮಾಡಿ. ಅದು ಕೆಪಾಸಿಟರ್ ಅಥವಾ ಹಿಡಿದುಕೊಂಡ ಇಂಪೆಲ್ಲರ್, ಕಂಟ್ರೋಲರ್‌ನ ವಿಷಯವಲ್ಲ. ಸದ್ದೇ ಇಲ್ಲದಿದ್ದರೆ ಎಮ್‌ಸಿಬಿ ಮತ್ತು ಸ್ಟಾರ್ಟರಿನ ಓವರ್‌ಲೋಡ್ ಗುಂಡಿ ನೋಡಿ.

ಮಲ್ಟಿಮೀಟರ್ ಇದ್ದರೆ ವೋಲ್ಟೇಜನ್ನೂ ಇಲ್ಲೇ ಅಳೆದುಬಿಡಿ. 230 ಇರಬೇಕಾದಲ್ಲಿ 180ರ ಆಸುಪಾಸು ಇದ್ದರೆ, ಲೋ-ವೋಲ್ಟೇಜ್ ತಡೆ ಇರುವ ಕಂಟ್ರೋಲರ್ ಸರಿಯಾಗಿಯೇ ಪಂಪನ್ನು ತಡೆದಿರುತ್ತದೆ. ಬೇಸಿಗೆಯಲ್ಲಿ ನಸುಕಿನಲ್ಲಿ ಶುರುವಾಗುವ ಪಂಪು ಸಂಜೆ ಹೊತ್ತು ಮಾತ್ರ ಮುಷ್ಕರ ಹೂಡಿದರೆ ಇದನ್ನು ಅನುಮಾನಿಸಿ.

## ಹಂತ 2: ದೀಪ ಓದಿ, ರೀಸೆಟ್ ಮಾಡಿ, ಕಾಯಿರಿ

ಆಟೋಗೆ ತಂದು ಒಂದು ನಿಮಿಷ ಪೂರ್ತಿ ಕಾಯಿರಿ. ಕರೆಂಟು ಬಂದೊಡನೆ ಶುರುವಾಗದಂತೆ ಹಲವು ಕಂಟ್ರೋಲರ್‌ಗಳಲ್ಲಿ ತಡ ಇಟ್ಟಿರುತ್ತಾರೆ. ಪಂಪು ನೀರಿಲ್ಲದೆ ಓಡಿತೆಂದು ಹೇಳುವ ಡ್ರೈ ರನ್ ದೀಪ ಹೊತ್ತಿದ್ದರೆ ರೀಸೆಟ್ ಒತ್ತಿ. ಒಮ್ಮೆ ಡ್ರೈ ರನ್ ಆಗಿ ನಿಂತದ್ದು, ಆಮೇಲೆ ಸಂಪು ತುಂಬಿದರೂ, ರೀಸೆಟ್ ಒತ್ತುವ ತನಕ ಏಳದಿರುವ ಮಾದರಿಗಳಿವೆ.

ಮುಖ್ಯವಾಗಿ ನೋಡಬೇಕಾದದ್ದು ಸಂಪಿನ ದೀಪ. ಸಂಪಿನಲ್ಲಿ ನೀರು ಕಣ್ಣಿಗೆ ಕಾಣುತ್ತಿದೆ, ದೀಪ ‘ಖಾಲಿ’ ಎನ್ನುತ್ತಿದೆ ಎಂದರೆ ದೋಷ ಸಂಪಿನ ಕಡೆ ಎಂಬುದು ಹೆಚ್ಚೂಕಡಿಮೆ ಖಚಿತ. ಟಾಕಿ ಬರಿದಾಗಿ ನಳದಲ್ಲಿ ನೀರು ಬರುವುದು ನಿಂತಿದೆ, ದೀಪ ‘ತುಂಬಿದೆ’ ಅಥವಾ ‘ನೀರಿದೆ’ ಎನ್ನುತ್ತಿದ್ದರೆ ದೋಷ ಮೇಲೆ.

ಒಂದು ಅಪವಾದವಿದೆ. ಸಂಪಿನಲ್ಲೂ ಮೂರು ಕಡ್ಡಿ ಇದ್ದರೆ, ಸಂಪು ಒಮ್ಮೆ ಖಾಲಿಯಾದ ಮೇಲೆ ನೀರು ಹೈ ಕಡ್ಡಿ ಮುಟ್ಟುವ ತನಕ ಪಂಪು ಏಳುವುದಿಲ್ಲ. ನಾಲ್ಕಾರು ದಿನಕ್ಕೊಮ್ಮೆ ನೀರು ಬಿಡುವ ಓಣಿಗಳಲ್ಲಿ ಸಂಪು ಅರ್ಧ ಮಾತ್ರ ತುಂಬುವುದುಂಟು. ಆಗ ಇದು ದೋಷದಂತೆ ಕಾಣುತ್ತದೆ. ಪರಿಹಾರ ಸುಲಭ: ಹೈ ಕಡ್ಡಿಯನ್ನು ಲೋ ಕಡ್ಡಿಗಿಂತ ಒಂದಡಿಯಷ್ಟೇ ಮೇಲಿರುವಂತೆ ಕೆಳಗಿಳಿಸಿ.

## ಹಂತ 3: ವಾಯರ್ ತುಂಡಿನಿಂದ ದೋಷವನ್ನು ಇಬ್ಭಾಗ ಮಾಡಿ

ಈ ಒಂದು ಹಂತ ಇಡೀ ಕೆಲಸದ ತಿರುಳು. ಐದು ನಿಮಿಷ ಸಾಕು. ಪ್ರತಿ ಸಲ ಬಿಚ್ಚುವಾಗ, ಕೂಡಿಸುವಾಗ ಎಮ್‌ಸಿಬಿ ಇಳಿಸಿಯೇ ಮಾಡಿ. ಬಿಚ್ಚುವ ಮುಂಚೆ ಟರ್ಮಿನಲ್‌ಗಳ ಫೋಟೋ ತೆಗೆದಿಟ್ಟುಕೊಳ್ಳಿ.

ಮೊದಲು ಸಂಪು. ಕಂಟ್ರೋಲರ್‌ನಲ್ಲಿ ಸಂಪಿನ ಎಲ್ಲ ವಾಯರ್ ಬಿಚ್ಚಿ, ಆ ಟರ್ಮಿನಲ್‌ಗಳನ್ನು ವಾಯರ್ ತುಂಡಿನಿಂದ ಒಂದಕ್ಕೊಂದು ಕೂಡಿಸಿ. ಮೂರಿದ್ದರೆ ಮೂರನ್ನೂ. ಎಮ್‌ಸಿಬಿ ಏರಿಸಿ ಕಾಯಿರಿ. ಪಂಪು ಶುರುವಾದರೆ ಕಂಟ್ರೋಲರ್ ಸರಿ, ದೋಷ ಸಂಪಿನ ವಾಯರ್ ಅಥವಾ ಪ್ರೋಬಿನದು. ನಾಲ್ಕನೆಯ ಹಂತಕ್ಕೆ ಹೋಗಿ.

ಶುರುವಾಗದಿದ್ದರೆ ಆ ತುಂಡನ್ನು ಹಾಗೇ ಬಿಟ್ಟು, ಮೇಲಿನ ಟಾಕಿಯ ಲೋ ಮತ್ತು ಹೈ ವಾಯರ್ ಬಿಚ್ಚಿ ಬಿಡಿಯಾಗಿರಿಸಿ. ಈಗ ಶುರುವಾದರೆ ಮೇಲಿನ ಕಡೆ ಎಲ್ಲೋ ತಪ್ಪಾಗಿ ಕೂಡಿಕೊಂಡಿದೆ, ಆರನೆಯ ಹಂತ ನೋಡಿ. ಎರಡೂ ಮಾಡಿ, ರೀಸೆಟ್ ಒತ್ತಿಯೂ ಏಳದಿದ್ದರೆ ಮಾತ್ರ ಕಂಟ್ರೋಲರ್ ಅಥವಾ ಮೋಟರಿಗೆ ಕರೆಂಟು ಕೂಡಿಸುವ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರ್ ಮೇಲೆ ಬೆರಳು ತೋರಿಸಿ, ಎಂಟನೆಯ ಹಂತಕ್ಕೆ ಹೋಗಿ.

ಪರೀಕ್ಷೆ ಮುಗಿದೊಡನೆ ತುಂಡು ತೆಗೆಯಿರಿ. ‘ಸದ್ಯ ನಡೀಲಿ’ ಎಂದು ಬಿಟ್ಟ ತುಂಡೇ ಎಷ್ಟೋ ಮೋಟರುಗಳನ್ನು ಸುಟ್ಟಿದೆ, ಯಾಕೆಂದರೆ ಅದಿರುವಷ್ಟು ದಿನ ಸಂಪು ಬತ್ತಿದ್ದು ಕಂಟ್ರೋಲರ್‌ಗೆ ಗೊತ್ತಾಗುವುದಿಲ್ಲ.

## ಹಂತ 4: ಸಂಪಿನ ವಾಯರ್ ಮತ್ತು ಜೋಡಣೆ

ಪ್ರೋಬಿಗಿಂತ ಮೊದಲು ವಾಯರ್ ಅಳೆಯಬೇಕು. ಸಂಪಿನ ಮುಚ್ಚಳ ತೆಗೆದು, ಪ್ರೋಬಿಗೆ ಬರುವ ವಾಯರ್‌ಗಳನ್ನು ಬಿಚ್ಚಿ, ಕಾಮನ್ ಮತ್ತು ಲೋ ತುದಿಗಳನ್ನು ಒಂದಕ್ಕೊಂದು ಗಟ್ಟಿಯಾಗಿ ಹುರಿಗೊಳಿಸಿ. ಕಂಟ್ರೋಲರ್ ಕಡೆಯ, ಬಿಚ್ಚಿಟ್ಟ ತುದಿಗಳಲ್ಲಿ ಓಮ್ ಅಳೆಯಿರಿ.

1 ಚದರ ಮಿಮೀ ತಾಮ್ರದ ವಾಯರ್ ಮೀಟರಿಗೆ ಸುಮಾರು 0.018 ಓಮ್ ಇರುತ್ತದೆ. ಕಂಟ್ರೋಲರಿಂದ ಸಂಪಿಗೆ 30 ಮೀಟರ್ ದೂರವಿದ್ದರೆ ಹೋಗಿ ಬರುವ ದಾರಿ 60 ಮೀಟರ್, ಅಂದರೆ ಒಂದು ಓಮ್‌ಗಿಂತ ಸ್ವಲ್ಪ ಹೆಚ್ಚು. ಮೀಟರಿನ ವಾಯರ್ ಸೇರಿ 1.5 ಬಂದರೆ ಚೆನ್ನ. 5 ದಾಟಿದರೆ ನಡುವೆ ಎಲ್ಲೋ ಜೋಡಣೆ ಕೆಟ್ಟಿದೆ. ಅಳೆಯುತ್ತಿರುವಾಗಲೇ ಇನ್ನೊಬ್ಬರು ಜೋಡಣೆಗಳನ್ನು ಒಂದೊಂದಾಗಿ ಅಲುಗಾಡಿಸಲಿ. ಅಂಕಿ ಕುಣಿದರೆ ದೋಷ ಅಲ್ಲೇ ಸಿಕ್ಕಿತು. ಆಮೇಲೆ ಹುರಿ ಬಿಚ್ಚಿ ತುದಿಗಳನ್ನು ಬೇರೆಯಾಗಿಸಿ ಮತ್ತೆ ಅಳೆಯಿರಿ. ಈಗ ಮೀಟರ್ ಏನೂ ತೋರಿಸಬಾರದು.

ಜೋಡಣೆ ಕೆಡುವುದು ಹೆಚ್ಚಾಗಿ ಮುಚ್ಚಳದ ಕೆಳಗೆ. ಅಲ್ಲಿ ಸದಾ ಆವಿ. ಹುರಿ ಮಾಡಿ ಟೇಪು ಸುತ್ತಿದ ವಾಯರ್ ಒಳಗೊಳಗೆ ಹಸಿರು ಹಿಡಿಯುತ್ತದೆ, ಹೊರಗೆ ಟೇಪು ಮಾತ್ರ ಅಚ್ಚುಕಟ್ಟಾಗಿ ಕಾಣುತ್ತದೆ. ಅಲ್ಲದೆ ಎಳೆ ವಾಯರಿನ ಎಳೆಗಳ ಸಂದಿನಲ್ಲಿ ನೀರು ಇನ್ಸುಲೇಷನ್ ಒಳಗೇ ಮೇಲೇರುತ್ತದೆ. ತುದಿ ಸುಲಿದಾಗ ತಾಮ್ರ ಕಪ್ಪಗಿದ್ದರೆ ಅಷ್ಟನ್ನೇ ಉಜ್ಜಿ ಕೂಡಿಸಬೇಡಿ. ಹೊಳೆಯುವ ತಾಮ್ರ ಕಾಣುವ ತನಕ ಇಂಚಿಂಚಾಗಿ ಕತ್ತರಿಸುತ್ತ ಹೋಗಿ, ಒಂದಡಿ ಹೋದರೂ ಹೋಗಲಿ. ಕಪ್ಪು ತಾಮ್ರಕ್ಕೆ ಸೋಲ್ಡರ್ ಹಿಡಿಯುವುದೂ ಇಲ್ಲ.

ಹೊಸ ಜೋಡಣೆಯನ್ನು ಸಂಪಿನ ಹೊರಗೆ, ನೆಲದಿಂದ ಎರಡಡಿ ಮೇಲೆ, ಸಣ್ಣ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮಾಡಿ. ಸೋಲ್ಡರ್ ಹಚ್ಚಿ, ಅಂಟಿನ ಹೀಟ್ ಶ್ರಿಂಕ್ ಹಾಕಿ. ಸಂಪಿನೊಳಗೆ ಪ್ರೋಬ್ ತಲೆಯ ತನಕ ಜೋಡಣೆಯಿಲ್ಲದ ಒಂದೇ ವಾಯರ್ ಇಳಿಯಲಿ. ಟರ್ಮಿನಲ್ ಸ್ಕ್ರೂಗಳನ್ನೂ ನೋಡಿ: ಸ್ಕ್ರೂ ಬಿಗಿಯಾಗಿದ್ದರೂ ತಾಮ್ರದ ಬದಲು ಪ್ಲಾಸ್ಟಿಕ್ ಹೊದಿಕೆಯನ್ನೇ ಒತ್ತಿ ಹಿಡಿದಿರುವುದು ಬಲು ಸಾಮಾನ್ಯ. ಬೆರಳಲ್ಲಿ ಮೆಲ್ಲಗೆ ಎಳೆದರೆ ತಿಳಿಯುತ್ತದೆ.

## ಹಂತ 5: ಸಂಪಿನ ಪ್ರೋಬ್

ಪ್ರೋಬ್ ಎತ್ತಿ ಬೆಳಕಲ್ಲಿ ಹಿಡಿಯಿರಿ. ಒಂದು ಕಡ್ಡಿ ಸವೆದು ಸಪೂರವಾಗಿದ್ದು, ಇನ್ನೊಂದಕ್ಕೆ ಬಿಳಿ ಹಕ್ಕಳೆ ಕಟ್ಟಿದ್ದರೆ ಆ ಕಂಟ್ರೋಲರ್ ಪ್ರೋಬಿಗೆ ಡಿಸಿ ಕರೆಂಟು ಕೊಡುತ್ತಿದೆ. ಡಿಸಿಯಲ್ಲಿ ಪಾಸಿಟಿವ್ ಕಡ್ಡಿಯ ಲೋಹ ನೀರಿಗೆ ಕರಗಿ ಹೋಗುತ್ತದೆ, ನೆಗೆಟಿವ್ ಕಡ್ಡಿಯ ಸುತ್ತ ನೀರು ಕ್ಷಾರವಾಗಿ ಸುಣ್ಣ ಕೂಡುತ್ತದೆ. ಗದಗ ಕಡೆಯ ಗಡಸು ಬೋರ್ ನೀರಿನಲ್ಲಿ ಈ ಸುಣ್ಣ ಬೇಗ ದಪ್ಪವಾಗುತ್ತದೆ. ಮಲಪ್ರಭಾ ಅಥವಾ ತುಂಗಭದ್ರೆಯ ನೀರು ಮಾತ್ರ ತುಂಬುವ ಸಂಪಿನಲ್ಲಿ ನಿಧಾನ.

ಪ್ರೋಬ್ ಎಂಬ ಹೆಸರಿನಲ್ಲಿ ಸುಲಿದ ತಾಮ್ರದ ವಾಯರನ್ನೇ ಇಳಿಬಿಟ್ಟಿದ್ದರೆ ಉಜ್ಜುವ ಗೋಜಿಗೆ ಹೋಗದೆ ಬದಲಿಸಿ. ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿ ಅಥವಾ ಎರಡಿಂಚಿನ ಬೋಲ್ಟ್ ಸಾಕು, 316 ದರ್ಜೆ ಸಿಕ್ಕರೆ ಇನ್ನೂ ಒಳ್ಳೆಯದು.

ಸುಣ್ಣ ತೆಗೆಯಲು ಕಡ್ಡಿಯನ್ನು ವಿನೆಗರ್ ಅಥವಾ ಲಿಂಬೆರಸದಲ್ಲಿ ಅರ್ಧ ಗಂಟೆ ನೆನೆಸಿ, ನೊರೆ ನಿಂತ ಮೇಲೆ ವಾಟರ್ ಪೇಪರಿನಿಂದ ಉಜ್ಜಿ, ಒಳ್ಳೆ ನೀರಲ್ಲಿ ತೊಳೆಯಿರಿ. ಕಕ್ಕಸು ತೊಳೆಯುವ ಆಸಿಡ್ ಬೇಡ. ಅದು ಸ್ಟೀಲಿಗೆ ಸೂಜಿಮೊನೆಯಷ್ಟು ತೂತು ಕೊರೆಯುತ್ತದೆ, ಆಮೇಲೆ ತುಕ್ಕು ಮೊದಲಿಗಿಂತ ಬೇಗ ಬರುತ್ತದೆ. ಬ್ಲೀಚಿಂಗ್ ಪೌಡರ್ ಇರುವಲ್ಲಿ ಆಸಿಡ್ ಸೇರಿದರೆ ವಿಷದ ಗಾಳಿ ಏಳುತ್ತದೆ. ಸಂಪು ತೊಳೆಯುವ ದಿನವೇ ಪ್ರೋಬ್ ತೊಳೆಯುವವರು ಇದನ್ನು ನೆನಪಿಡಬೇಕು.

ತೊಳೆದದ್ದು ಸಾಕಾಯಿತೇ ಎಂದು ಅಳೆದು ನೋಡಿ. ಮಗ್‌ನಲ್ಲಿ ಅದೇ ಸಂಪಿನ ನೀರು ತುಂಬಿ, ಎರಡೂ ಕಡ್ಡಿ ಅದ್ದಿ, ನಡುವಿನ ಓಮ್ ಅಳೆಯಿರಿ. ಮೀಟರಿನ ಅಂಕಿ ಒಂದೆಡೆ ನಿಲ್ಲದೆ ಮೇಲೇರುತ್ತಿರುತ್ತದೆ, ಅದು ಮೀಟರಿನ ಡಿಸಿಯಿಂದ ಆಗುವುದು. ಹಚ್ಚಿದ ಮೊದಲ ಕ್ಷಣದ ಅಂಕಿ ಹಿಡಿಯಿರಿ. ಶುಚಿಯಾದ ಕಡ್ಡಿಗಳು ಬೋರ್ ನೀರಲ್ಲಿ ಕೆಲವೇ ಕಿಲೋಓಮ್ ತೋರಿಸುತ್ತವೆ. 100 ಕಿಲೋಓಮ್ ದಾಟಿದರೆ ಪದರ ಇನ್ನೂ ಉಳಿದಿದೆ.

ಕಡ್ಡಿ ಹೊಸದಿದ್ದೂ ಅಂಕಿ ದೊಡ್ಡದೇ ಬಂದರೆ ನೀರನ್ನೇ ಅನುಮಾನಿಸಿ. ಮಾಳಿಗೆಯ ಮಳೆನೀರನ್ನು ಸಂಪಿಗೆ ಬಿಡುವ ಮನೆಗಳಲ್ಲಿ, ಧಾರವಾಡ, ಹಾವೇರಿಯ ಜಡಿಮಳೆ ಶುರುವಾದ ಮೇಲೆ, ಸಂಪು ಕಂಠಮಟ್ಟ ಇದ್ದರೂ ಪಂಪು ಏಳದಿರುವುದುಂಟು. ಮಳೆನೀರಿನಲ್ಲಿ ಲವಣ ಕಡಿಮೆ, ಕರೆಂಟು ಹರಿಯುವುದೂ ಕಡಿಮೆ. ಕಡ್ಡಿಗಳನ್ನು ಎರಡು ಇಂಚಿನ ಅಂತರಕ್ಕೆ ತನ್ನಿ, ಹೊದಿಕೆಯಿಲ್ಲದ ಭಾಗವನ್ನು ಉದ್ದ ಮಾಡಿ, ಕಂಟ್ರೋಲರ್‌ನಲ್ಲಿ ಸೆನ್ಸಿಟಿವಿಟಿ ತಿರುಪು ಇದ್ದರೆ ತುಸು ಏರಿಸಿ.

## ಹಂತ 6: ಮೇಲಿನ ಟಾಕಿ ಸುಳ್ಳು ಹೇಳುತ್ತಿದ್ದರೆ

ಇಲ್ಲಿ ಮೊದಲು ಅಳತೆಪಟ್ಟಿ ತೆಗೆಯಿರಿ. ಟಾಕಿಯಿಂದ ನೀರು ಹೊರಹೋಗುವ ಪೈಪು ತಳದಿಂದ ಎರಡು ಮೂರು ಇಂಚು ಮೇಲಿರುತ್ತದೆ. ಲೋ ಕಡ್ಡಿ ಅದಕ್ಕಿಂತ ಕೆಳಗೆ ಇಳಿದಿದ್ದರೆ, ನಳದಲ್ಲಿ ಹನಿ ಬರದಿದ್ದರೂ ಕಡ್ಡಿ ನೀರಲ್ಲೇ ಇರುತ್ತದೆ, ಪಂಪು ಯಾವತ್ತೂ ಏಳುವುದಿಲ್ಲ. ಟಾಕಿ ತೊಳೆದವರು ಪ್ರೋಬನ್ನು ಪೂರ್ತಿ ಒಳಗೆ ಬಿಟ್ಟು ಹೋದ ಮರುದಿನ ಬರುವ ದೂರು ಇದು. ಲೋ ಕಡ್ಡಿಯ ತುದಿ ಆ ಪೈಪಿಗಿಂತ ಕನಿಷ್ಠ ಅರ್ಧ ಅಡಿ ಮೇಲಿರಲಿ. ಕಾಮನ್ ಮಾತ್ರ ತಳದ ಹತ್ತಿರ.

ಅದು ಸರಿಯಿದ್ದರೆ ಪ್ರೋಬನ್ನು ಪೂರ್ತಿ ನೀರಿಂದ ಎತ್ತಿ, ಒಣ ಬಟ್ಟೆಯಲ್ಲಿ ತಲೆಯ ತನಕ ಒರೆಸಿ. ಪಂಪು ಶುರುವಾದರೆ ಕಡ್ಡಿಗಳ ನಡುವೆ ಪಾಚಿ, ಸುಣ್ಣ ಅಥವಾ ಮುಚ್ಚಳದ ಬೆವರು ಸೇತುವೆಯಾಗಿತ್ತು, ಇಲ್ಲವೇ ವಾಯರ್ ಹುರಿಗೊಂಡು ಕಡ್ಡಿಗಳು ಒಂದಕ್ಕೊಂದು ತಾಗಿದ್ದವು. ಒರೆಸಿದ ಮೇಲೂ ‘ನೀರಿದೆ’ ಎಂದೇ ತೋರಿದರೆ ವಾಯರಿನ ಸಿಪ್ಪೆ ಎಲ್ಲೋ ಹೋಗಿದೆ: ಮಾಳಿಗೆ ಮೇಲೆ ನೀರು ನಿಲ್ಲುವಲ್ಲಿ, ಕೊಳವೆ ತಿರುಗುವಲ್ಲಿ, ಅಳಿಲು ಕಡಿದಲ್ಲಿ, ಧಾರವಾಡದಲ್ಲಾದರೆ ಮಂಗ ಎಳೆದಲ್ಲಿ. ಎರಡೂ ತುದಿ ಬಿಚ್ಚಿ, ಒಂದು ವಾಯರ್ ಮತ್ತು ಇನ್ನೊಂದರ ನಡುವೆ ಓಮ್ ಅಳೆಯಿರಿ. ಏನಾದರೂ ತೋರಿದರೆ ಆ ವಾಯರ್ ತುಂಡನ್ನು ಬದಲಿಸಿ. ಹೊಸದನ್ನು ಮೋಟರಿನ ವಾಯರ್ ಇರುವ ಕೊಳವೆಯಲ್ಲೇ ತೂರಿಸಬೇಡಿ.

## ಹಂತ 7: ಫ್ಲೋಟ್ ಸೆನ್ಸರ್ ಇದ್ದರೆ

ಕಡ್ಡಿಯ ಬದಲು ತೇಲುವ ಸೆನ್ಸರ್ ಇದ್ದರೆ ಓಮ್ ಮೀಟರ್ ಹಚ್ಚಿ ಕೈಯಲ್ಲೇ ಮೇಲೆ ಕೆಳಗೆ ಸರಿಸಿ. ಒಂದು ತುದಿಯಲ್ಲಿ ಸಂಪರ್ಕ, ಇನ್ನೊಂದರಲ್ಲಿ ಇಲ್ಲ ಎಂದು ಸ್ಪಷ್ಟವಾಗಿ ಬದಲಾಗಬೇಕು. ಬದಲಾಗದಿದ್ದರೆ ಸುಣ್ಣ ಹಿಡಿದು ಸಿಕ್ಕಿಕೊಂಡಿದೆ, ಇಲ್ಲವೇ ಒಳಗೆ ನೀರು ಹೊಕ್ಕಿದೆ. ಆಯಸ್ಕಾಂತದ ಸಣ್ಣ ಫ್ಲೋಟನ್ನು ತೊಳೆಯಲು ತೆಗೆದು ತಲೆಕೆಳಗಾಗಿ ಹಾಕಿದರೆ ಅದರ ನಡೆ ತಿರುಗುಮುರುಗಾಗಬಹುದು. ತೆಗೆಯುವ ಮುಂಚೆ ಮೇಲ್ಮುಖಕ್ಕೆ ಗುರುತು ಹಾಕಿ.

## ಒಂದು ಪ್ರಕರಣ, ಅಂಕಿಗಳ ಸಮೇತ

ಹುಬ್ಬಳ್ಳಿಯ ಒಂದು ಮನೆ ಎಂದುಕೊಳ್ಳಿ. ಸಂಪು ತುಂಬಿದೆ, ಸಂಪಿನ ದೀಪ ‘ಖಾಲಿ’ ಎನ್ನುತ್ತಿದೆ, ಮೊದಮೊದಲು ಬೆಳಗ್ಗೆ ಏಳದೆ ಮಧ್ಯಾಹ್ನ ಒಮ್ಮೊಮ್ಮೆ ತಾನೇ ಶುರುವಾಗುತ್ತಿದ್ದ ಪಂಪು ಈಗ ಏಳುವುದೇ ಇಲ್ಲ. ಮ್ಯಾನ್ಯುಯಲ್‌ನಲ್ಲಿ ಓಡುತ್ತದೆ. ಸಂಪಿನ ಟರ್ಮಿನಲ್‌ಗಳನ್ನು ಕೂಡಿಸಿದರೆ ಆಟೋದಲ್ಲೂ ಓಡುತ್ತದೆ. ಅಲ್ಲಿಗೆ ಕಂಟ್ರೋಲರ್ ಮತ್ತು ಮೇಲಿನ ಟಾಕಿ ಎರಡೂ ಆರೋಪಮುಕ್ತ.

ವಾಯರ್ ತುದಿ ಹುರಿಗೊಳಿಸಿ ಅಳೆದರೆ 38 ಓಮ್. ಮುಚ್ಚಳದ ಕೆಳಗಿನ ಟೇಪು ಸುತ್ತಿದ ಜೋಡಣೆ ಅಲುಗಿಸಿದರೆ ಸಂಪರ್ಕವೇ ಇಲ್ಲ. ಬೆಳಗಿನ ಆವಿಯಲ್ಲಿ ಒದ್ದೆಯಾಗಿ ಸಂಪರ್ಕ ಬಿಡುತ್ತಿದ್ದ, ಮಧ್ಯಾಹ್ನ ಒಣಗಿದಾಗ ಹಿಡಿಯುತ್ತಿದ್ದ ಜಾಗ ಇದು. ಕಪ್ಪು ತಾಮ್ರ ಕತ್ತರಿಸಿ ಹೊಸದಾಗಿ ಕೂಡಿಸಿದ ಮೇಲೆ 1.4 ಓಮ್.

ಇಲ್ಲಿಗೆ ಪೆಟ್ಟಿಗೆ ಮುಚ್ಚಿ ಹೊರಟರೆ ಕೆಲಸ ಕೆಟ್ಟಿತು, ಯಾಕೆಂದರೆ ಪಂಪು ಇನ್ನೂ ಶುರುವಾಗಿಲ್ಲ. ಪ್ರೋಬ್ ಎತ್ತಿ ಮಗ್‌ನಲ್ಲಿ ಅಳೆದರೆ 180 ಕಿಲೋಓಮ್. ಹಕ್ಕಳೆ ತೆಗೆದ ಮೇಲೆ 9. ಈಗ ದೀಪ ಬದಲಾಗಿ ಪಂಪು ಏಳುತ್ತದೆ. 38 ಓಮ್ ಎಂಬುದು ಕಿಲೋಓಮ್‌ಗಳ ಎದುರು ದೊಡ್ಡ ಅಂಕಿಯೇನಲ್ಲ, ಅಪಾಯ ಅಂಕಿಯಲ್ಲಿರಲಿಲ್ಲ, ಅದರ ಕುಣಿತದಲ್ಲಿತ್ತು. ಈಗ ಪಂಪನ್ನು ಪೂರ್ತಿ ತಡೆಯಲು ಬೆಳೆದ ಹಕ್ಕಳೆ ಕಾರಣ, ಮೊದಲು ಆಗಾಗ ಆಡಿಸಿದ್ದಕ್ಕೆ ಜೋಡಣೆ ಕಾರಣ. ಎರಡು ದೋಷ ಒಟ್ಟಿಗಿರುವುದು ಹಳೆಯ ಸಂಪುಗಳಲ್ಲಿ ಅಪರೂಪವಲ್ಲ. ಒಂದೊಂದು ರಿಪೇರಿಯ ನಂತರವೂ ಆಟೋದಲ್ಲಿ ಹಾಕಿ ನೋಡಬೇಕು.

## ಹಂತ 8: ಕಂಟ್ರೋಲರ್‌ನದೇ ದೋಷವಾದರೆ

ಮೂರನೆಯ ಹಂತದ ಎರಡೂ ಪರೀಕ್ಷೆಯಲ್ಲಿ ಪಂಪು ಏಳದಿದ್ದಾಗ ಮಾತ್ರ ಇಲ್ಲಿಗೆ ಬನ್ನಿ. ಪೆಟ್ಟಿಗೆಗೆ ಕಿವಿ ಕೊಡಿ. ಒಳಗಿನ ಸಣ್ಣ ಸ್ವಿಚ್ಚಾದ ರಿಲೇ ‘ಟಕ್’ ಎನ್ನದಿದ್ದರೆ ಒಳಗಿನ ಫ್ಯೂಸ್ ಅಥವಾ ಸರ್ಕ್ಯೂಟ್ ಹೋಗಿದೆ. ‘ಟಕ್’ ಎಂದೂ ಪಂಪು ಓಡದಿದ್ದರೆ ಔಟ್‌ಪುಟ್ ಟರ್ಮಿನಲ್‌ನಲ್ಲಿ 230 ವೋಲ್ಟ್ ಬರುತ್ತಿದೆಯೇ ಎಂದು ಅಳೆಯಬೇಕು. ಇದು ಲೈನ್ ಇರುವಾಗ ಮಾಡುವ ಅಳತೆ, ಅಭ್ಯಾಸವಿಲ್ಲದವರು ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ವೋಲ್ಟೇಜ್ ಬರುತ್ತಿದ್ದರೆ ಮುಂದಿನ ಕಾಂಟ್ಯಾಕ್ಟರ್ ಕಾಯಿಲ್ ಅಥವಾ ಅದರ ವಾಯರ್ ಕೆಟ್ಟಿದೆ. ಬರದಿದ್ದರೆ ರಿಲೇಯ ಕಾಂಟ್ಯಾಕ್ಟ್ ಸುಟ್ಟಿದೆ.

ರಿಲೇ ಸುಟ್ಟಿದ್ದರೆ ಅದೇ ರಿಲೇ ಮತ್ತೆ ಹಾಕಿಸುವ ಮುನ್ನ ಮೋಟರ್ ನೋಡಿ. 1 ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಏಳುವ ಗಳಿಗೆಯಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಸಣ್ಣ ರಿಲೇಯ ಮೇಲೆ ನೇರವಾಗಿ ಈ ಭಾರ ಹಾಕಿದ್ದರೆ ಹೊಸದೂ ಸುಡುತ್ತದೆ. ನಡುವೆ ಒಂದು ಕಾಂಟ್ಯಾಕ್ಟರ್ ಇರಲಿ, ರಿಲೇ ಅದರ ಕಾಯಿಲನ್ನಷ್ಟೇ ನಡೆಸಲಿ. ಇಡೀ ಕಂಟ್ರೋಲರ್ ಬದಲಿಸುವುದಾದರೆ ಅಂಗಡಿಯಲ್ಲಿ ಕೇಳಬೇಕಾದ್ದು ಪ್ರೋಬಿಗೆ ಎಸಿ ಕೊಡುವ ಮಾದರಿ, ಟ್ರಾನ್ಸ್‌ಫಾರ್ಮರ್‌ನಿಂದ ಪ್ರತ್ಯೇಕಿಸಿದ್ದು, ಸೆನ್ಸಿಟಿವಿಟಿ ತಿರುಪು ಇರುವಂಥದ್ದು. ತಂದ ಮೇಲೆ ವಾಯರ್ ಕೂಡಿಸದ ಬರೀ ಪ್ರೋಬ್ ಟರ್ಮಿನಲ್‌ಗಳ ನಡುವೆ ಮೀಟರ್ ಹಚ್ಚಿ ಎಸಿ ವೋಲ್ಟ್ ತೋರುತ್ತದೆಯೇ ಎಂದು ನೋಡಿಯೇ ಗೋಡೆಗೆ ಮೊಳೆ ಹೊಡೆಯಿರಿ.